ಉಚಿತ ಸೈಟಿನಲ್ಲಿ ಬ್ಯಾಕ್‌ಗ್ರೌಂಡ್ ತೆಗೆದ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸುವ ಮುಂಚೆ ಇದನ್ನು ಓದಿ

ನಮ್ಮ ಅತ್ತಿಗೆ ಹುಬ್ಬಳ್ಳಿಯಲ್ಲಿ ಮನೆಯಿಂದಲೇ ಇಳಕಲ್ ಸೀರೆ ಮಾರುತ್ತಾರೆ. ಹೋದ ವರ್ಷ ಒಂದು ಮೇಳದಲ್ಲಿ ಮಳಿಗೆ ಸಿಕ್ಕಿತ್ತು. ಬಾಗಿಲಲ್ಲಿ ನಿಲ್ಲಿಸಲು 3 ಅಡಿ ಅಗಲ, 6 ಅಡಿ ಎತ್ತರದ ಎರಡು ಸ್ಟ್ಯಾಂಡಿ ಬೇಕಿತ್ತು. ಸೀರೆ ಉಟ್ಟು ನಿಂತ ಫೋಟೋದಿಂದ ಹಿಂದಿನ ಗೋಡೆ ತೆಗೆದು, ಗಾಢ ಹಸಿರು ಬಣ್ಣ ಹಾಕಬೇಕು. ಆ ಕೆಲಸ ನಾನು ಒಪ್ಪಿಕೊಂಡೆ. ಎರಡು ಸ್ಟ್ಯಾಂಡಿಯ ದುಡ್ಡೂ ಮೂರು ರಾತ್ರಿಯ ಕೆಲಸವೂ ಹಾಳಾಯಿತು. ಇದೇ ತರಹದ ಕೆಲಸಕ್ಕೆ ಕೈ ಹಾಕುವವರು ಯಾರಾದರೂ ಇದ್ದರೆ ಅವರಿಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಫೋಟೋ ಚೆನ್ನಾಗಿಯೇ ಇತ್ತು. ಒಳ್ಳೆಯ ಕ್ಯಾಮೆರಾದಲ್ಲಿ ತೆಗೆದದ್ದು, 4000 × 6000 ಪಿಕ್ಸೆಲ್, ಅಂದರೆ 24 ಮೆಗಾಪಿಕ್ಸೆಲ್. ಒಂದು ಉಚಿತ ಸೈಟಿಗೆ ಅದನ್ನು ಹಾಕಿದೆ. ಹತ್ತು ಸೆಕೆಂಡಿನಲ್ಲಿ ಗೋಡೆ ಮಾಯವಾಯಿತು. ಡೌನ್‌ಲೋಡ್ ಮಾಡಿ ಮೊಬೈಲಿನಲ್ಲಿ ನೋಡಿದೆ, ಸ್ಪಷ್ಟವಾಗಿ ಕಂಡಿತು. ಹಸಿರು ಬಣ್ಣದ ಮೇಲೆ ಕೂರಿಸಿ ಪ್ರಿಂಟಿಂಗ್ ಅಂಗಡಿಗೆ ಕಳಿಸಿದೆ. ಅವರು ವಾಟ್ಸಾಪಿನಲ್ಲಿ ಕಳಿಸಿದ ಪ್ರೂಫನ್ನೂ ಮೊಬೈಲಿನಲ್ಲೇ ನೋಡಿ ಓಕೆ ಅಂದೆ.

ಸ್ಟ್ಯಾಂಡಿ ಬಿಚ್ಚಿದಾಗ ಅತ್ತಿಗೆ ಹತ್ತಿರ ಹೋಗಿ ನೋಡಿದರು. "ಏನಪ್ಪಾ ಇದು, ಸೆರಗಿನ ತೆನಿನ ಕಾಣವಲ್ದಲ್ಲ" ಅಂದರು. ಇಳಕಲ್ ಸೀರೆಯ ಗುರುತೇ ತೋಪ ತೆನಿ ಸೆರಗು. ಕೆಂಪಿನ ಮೇಲೆ ಬಿಳಿಯಲ್ಲಿ ಬರುವ ಆ ನೇಯ್ಗೆ ಬರೀ ಚೌಕ ಚೌಕ ಕಲೆಯಾಗಿತ್ತು. ಮುಖವೂ ಮಸುಕು.

ಮನೆಗೆ ಬಂದು ಆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, Properties ಒಳಗೆ Details ನೋಡಿದೆ. 408 × 612 ಪಿಕ್ಸೆಲ್! ಅಂದರೆ ಕಾಲು ಮೆಗಾಪಿಕ್ಸೆಲ್. ನಾನು ಕೊಟ್ಟದ್ದರ ನೂರರಲ್ಲಿ ಒಂದು ಪಾಲು. ಉಚಿತವಾಗಿ ಕೊಡುವುದು ಇಷ್ಟೇ, ಪೂರ್ತಿ ಗಾತ್ರಕ್ಕೆ ದುಡ್ಡು ಅಂತ ಆ ಸೈಟಿನ ಬೆಲೆಯ ಪುಟದಲ್ಲಿ ಬರೆದಿತ್ತು. ಡೌನ್‌ಲೋಡ್ ಬಟನ್ ಹತ್ತಿರ ನನ್ನ ಕಣ್ಣಿಗೆ ಬೀಳಲಿಲ್ಲ.

ಈ ಲೆಕ್ಕವನ್ನು ಮುಂಚೆಯೇ ಮಾಡಬೇಕಿತ್ತು. 6 ಅಡಿ ಅಂದರೆ 72 ಇಂಚು. 612ನ್ನು 72ರಿಂದ ಭಾಗಿಸಿದರೆ ಇಂಚಿಗೆ ಎಂಟೂವರೆ ಚುಕ್ಕೆ. ಮೂಲ ಫೋಟೋ ಆಗಿದ್ದರೆ 6000 ಭಾಗ 72, ಸುಮಾರು 83. ನಾಲ್ಕು ಹೆಜ್ಜೆ ದೂರದಿಂದ ನೋಡುವ ಸ್ಟ್ಯಾಂಡಿಗೆ 83 ಸಾಕು. ಎಂಟೂವರೆ ಯಾವುದಕ್ಕೂ ಸಾಲದು. ಮೊಬೈಲ್ ಪರದೆ ಚಿಕ್ಕದು, ಅದರಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ.

ಇನ್ನೊಂದು ಸೈಟ್ ಹುಡುಕಿದೆ. ಅದು ಪೂರ್ತಿ ಗಾತ್ರ ಉಚಿತ ಅಂತ ಹೇಳಿತ್ತು. ಡೌನ್‌ಲೋಡ್ ಮಾಡಿ ನೋಡಿದರೆ ನಿಜವಾಗಿಯೂ 4000 × 6000 ಇತ್ತು. ಆದರೆ ಈ ಸಲ ದೊಡ್ಡ ಪರದೆಯಲ್ಲಿ 100% ಜೂಮ್ ಮಾಡಿ ನೋಡಿದೆ. ಸೀರೆಯ ಮಧ್ಯಭಾಗ ಚೆನ್ನಾಗಿತ್ತು. ಅಂಚೆಲ್ಲ ಬೆಣ್ಣೆ ಕರಗಿದ ಹಾಗೆ ಮೆತ್ತಗಾಗಿತ್ತು. ಸೆರಗಿನ ಕುಚ್ಚಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹಿಂದಿನ ಗೋಡೆ ಬಿಳಿ, ಸೆರಗಿನ ನೇಯ್ಗೆಯೂ ಬಿಳಿ. ಹಾಗಾಗಿ ಅಂಚಿನ ತೆನಿಗಳನ್ನೂ ಗೋಡೆ ಅಂದುಕೊಂಡು ಅಳಿಸಿಬಿಟ್ಟಿತ್ತು.

ಇದು ಯಾಕೆ ಅಂತ ಆಮೇಲೆ ಗೊತ್ತಾಯಿತು. ತಾನಾಗಿಯೇ ಬ್ಯಾಕ್‌ಗ್ರೌಂಡ್ ಹುಡುಕುವ ಎಷ್ಟೋ ಎಐ ಮಾಡೆಲ್‌ಗಳು ನಮ್ಮ ಫೋಟೋವನ್ನು ಮೊದಲು ಕುಗ್ಗಿಸಿಕೊಳ್ಳುತ್ತವೆ. U²-Net ಅನ್ನುವುದು 320 × 320ಕ್ಕೆ ಇಳಿಸಿ ನೋಡುತ್ತದೆ. ಇನ್ನು ಕೆಲವು 1024 × 1024ಕ್ಕೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಅಳಿಸಬೇಕು ಅನ್ನುವ ಮಾಸ್ಕ್ ಆ ಚಿಕ್ಕ ಗಾತ್ರದಲ್ಲೇ ತಯಾರಾಗುತ್ತದೆ. ಆಮೇಲೆ ಅದನ್ನು ಹಿಗ್ಗಿಸಿ ದೊಡ್ಡ ಫೋಟೋ ಮೇಲೆ ಹೊದಿಸುತ್ತಾರೆ. 1024 ಅಂದರೂ ನನ್ನ ಫೋಟೋದ ಎತ್ತರದಲ್ಲಿ ಮಾಸ್ಕಿನ ಒಂದು ಚುಕ್ಕೆ ಸುಮಾರು ಆರು ಪಿಕ್ಸೆಲ್ ಆಗುತ್ತದೆ. ಎರಡು ಮೂರು ಪಿಕ್ಸೆಲ್ ದಪ್ಪದ ಕುಚ್ಚಿನ ಎಳೆ ಅದರಲ್ಲಿ ಉಳಿಯುವುದಾದರೂ ಹೇಗೆ? ಇದೇ ಮಾಡೆಲನ್ನು ಕಂಪ್ಯೂಟರಿನಲ್ಲೇ ಇನ್‌ಸ್ಟಾಲ್ ಮಾಡಿ ಓಡಿಸಿದರೂ ಅಂಚು ಹೀಗೇ ಬರುತ್ತದೆ. ಹಾಗಾಗಿ ಪಿಕ್ಸೆಲ್ ಲೆಕ್ಕ ಸರಿ ಇದೆ ಅಂತ ಮಾತ್ರ ನಂಬಬೇಡಿ. 100% ಜೂಮಿನಲ್ಲಿ ಕೂದಲು, ಕುಚ್ಚು, ಬೆರಳುಗಳ ಸಂದು ನೋಡಿ.

ಮೂರನೆಯದು ನನಗೆ ತುಂಬಾ ನೋವು ಕೊಟ್ಟದ್ದು. ಕೈಯಲ್ಲೇ ಕತ್ತರಿಸೋಣ ಅಂತ ಬ್ರೌಸರಿನಲ್ಲಿ ಓಡುವ ಉಚಿತ ಎಡಿಟರ್ ಒಂದನ್ನು ತೆರೆದೆ. ಲೇಯರ್, ಮಾಸ್ಕ್, ಪೆನ್ ಟೂಲ್ ಎಲ್ಲಾ ಇತ್ತು. ಒಂದೂವರೆ ಗಂಟೆ ಕೂತು ಅಂಚು ಎಳೆದೆ. ಹಸಿರು ಲೇಯರ್ ಹಾಕಿ, ನೆರಳಿಗೆ ಇನ್ನೊಂದು ಲೇಯರ್ ಹಾಕುತ್ತಿದ್ದಂತೆ ಪರದೆ ಬೆಳ್ಳಗಾಯಿತು. Aw, Snap! ಅಂತ ಬಂತು, ಕೆಳಗೆ Out of Memory. ರಿಲೋಡ್ ಮಾಡಿದರೆ ಖಾಲಿ ಪುಟ. ಒಂದು ಸಲವೂ ಸೇವ್ ಮಾಡಿರಲಿಲ್ಲ.

ನನ್ನ ಫೈಲ್ 9 ಎಂಬಿ ಅಷ್ಟೇ, ಲ್ಯಾಪ್‌ಟಾಪಿನಲ್ಲಿ 8 ಜಿಬಿ ರಾಮ್ ಇದೆ, ಸಾಕಲ್ವಾ ಅಂದುಕೊಂಡಿದ್ದೆ. ಆದರೆ 9 ಎಂಬಿ ಅನ್ನುವುದು ಜೆಪೆಗ್ ಒತ್ತಿಟ್ಟ ಗಾತ್ರ. ತೆರೆದ ಮೇಲೆ ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ, ಪಾರದರ್ಶಕತೆ ಸೇರಿ 4 ಬೈಟ್ ಬೇಕು. 2 ಕೋಟಿ 40 ಲಕ್ಷ ಪಿಕ್ಸೆಲ್‌ಗೆ 96 ಎಂಬಿ. ಅದೂ ಒಂದೇ ಲೇಯರಿಗೆ. ಪೂರ್ತಿ ಗಾತ್ರದ ಲೇಯರ್ ಸೇರಿಸಿದಷ್ಟೂ ಅದು ಬೆಳೆಯುತ್ತದೆ. Undo ಮಾಡಲು ಹಳೆಯ ಸ್ಥಿತಿಯನ್ನೂ ಇಟ್ಟುಕೊಳ್ಳಬೇಕು. ಬ್ರೌಸರ್ ಒಂದು ಟ್ಯಾಬಿಗೆ ಇಷ್ಟೇ ಮೆಮೊರಿ ಅಂತ ಮಿತಿ ಹಾಕಿರುತ್ತದೆ. ಅದು ಮುಗಿದರೆ ಟ್ಯಾಬ್ ಸತ್ತೇ ಹೋಗುತ್ತದೆ. ಮುಂಚೆ ಸುಳಿವು ಬಂದಿತ್ತು, ನಾನು ಗಮನಿಸಲಿಲ್ಲ. ಬ್ರಷ್ ಕೈಯ ಹಿಂದೆ ನಿಧಾನವಾಗಿ ಬರುತ್ತಿತ್ತು, ಜೂಮ್ ಮಾಡಿದರೆ ಚಿತ್ರ ಎರಡು ಸೆಕೆಂಡ್ ತಡವಾಗಿ ಮೂಡುತ್ತಿತ್ತು. ನಿಮಗೂ ಹೀಗಾದರೆ ತಕ್ಷಣ ಸೇವ್ ಮಾಡಿ ಆಚೆ ಬನ್ನಿ.

ಕೊನೆಗೆ ಕೆಲಸ ಆದದ್ದು ಜಿಂಪ್‌ನಲ್ಲಿ. ಅದೂ ಉಚಿತ, ಆದರೆ ಕಂಪ್ಯೂಟರಿಗೆ ಇನ್‌ಸ್ಟಾಲ್ ಮಾಡಬೇಕು. ಚಿತ್ರಕ್ಕೆ ಮೀಸಲಿಟ್ಟ ಮೆಮೊರಿ ತುಂಬಿದರೆ ಅದು ಉಳಿದದ್ದನ್ನು ಹಾರ್ಡ್ ಡಿಸ್ಕಿಗೆ ಬರೆದುಕೊಂಡು ಮುಂದುವರಿಯುತ್ತದೆ. ನಿಧಾನ ಆಗುತ್ತದೆ ನಿಜ, ಆದರೆ ಟ್ಯಾಬಿನ ಹಾಗೆ ಒಮ್ಮೆಲೇ ಹೋಗುವುದಿಲ್ಲ.

ಮೊದಲು Paths ಟೂಲಿನಲ್ಲಿ ಮೈ ಮತ್ತು ಸೀರೆಯ ಸುತ್ತ ಗೆರೆ ಎಳೆದು, Enter ಒತ್ತಿ ಆಯ್ಕೆ ಮಾಡಿಕೊಂಡೆ. ಅಂಚಿನಲ್ಲಿ ಗೋಡೆಯ ಬಿಳಿ ಉಳಿಯದಂತೆ Select > Shrink ನಲ್ಲಿ 2 ಪಿಕ್ಸೆಲ್ ಒಳಕ್ಕೆ ತಂದು, Feather 1 ಪಿಕ್ಸೆಲ್ ಕೊಟ್ಟೆ. ಆಮೇಲೆ Layer > Mask > Add Layer Mask ನಲ್ಲಿ Selection ಆರಿಸಿದೆ. ಗೋಡೆಯನ್ನು ಡಿಲೀಟ್ ಮಾಡಲಿಲ್ಲ, ಮಾಸ್ಕ್ ಅದನ್ನು ಬರೀ ಮರೆಮಾಡುತ್ತದೆ. ತಪ್ಪಾಗಿ ಹೋದ ತೆನಿಯನ್ನು ಮಾಸ್ಕಿನ ಮೇಲೆ ಬಿಳಿ ಬ್ರಷ್ ಆಡಿಸಿ ವಾಪಸ್ ತರಬಹುದು. ಕುಚ್ಚಿಗೆ 3 ಪಿಕ್ಸೆಲ್ ಬ್ರಷ್ ಹಿಡಿದು ಎಳೆ ಎಳೆಯಾಗಿ ಬಿಡಿಸಿದೆ. ಅದೊಂದಕ್ಕೇ ನಲವತ್ತು ನಿಮಿಷ ಹಿಡಿಯಿತು. ಸುಮ್ನೆ ಒಂದು ಕಪ್ಪು ಲೇಯರ್ ಕೆಳಗೆ ಇಟ್ಟು ನೋಡಿ, ಉಳಿದ ಬಿಳಿ ಅಂಚು ತಕ್ಷಣ ಕಣ್ಣಿಗೆ ಬೀಳುತ್ತದೆ.

ಕೆಲಸದ ಫೈಲನ್ನು .xcf ಆಗಿ ಇಟ್ಟುಕೊಂಡು, ಅಂಗಡಿಗೆ ಹಿನ್ನೆಲೆ ಖಾಲಿ ಇರುವ .png ಕಳಿಸಿದೆ. ಜೆಪೆಗ್‌ನಲ್ಲಿ ಪಾರದರ್ಶಕತೆ ಉಳಿಯುವುದಿಲ್ಲ, ಅದನ್ನು ಕೊಟ್ಟಿದ್ದರೆ ಖಾಲಿ ಜಾಗದಲ್ಲಿ ಮತ್ತೆ ಬಣ್ಣ ತುಂಬಿಕೊಳ್ಳುತ್ತಿತ್ತು. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದೂ ಕುಗ್ಗಿಸುತ್ತದೆ ಅಂತ ಪೆನ್ ಡ್ರೈವಿನಲ್ಲಿ ಒಯ್ದೆ. ಎರಡೂ ಸ್ಟ್ಯಾಂಡಿಯನ್ನು ಒಟ್ಟಿಗೆ ಪ್ರಿಂಟ್ ಮಾಡಿಸಲಿಲ್ಲ. ಸೆರಗು ಮತ್ತು ಮುಖ ಇರುವ ಒಂದು ಅಡಿ ತುಂಡನ್ನು ನಿಜವಾದ ಅಳತೆಯಲ್ಲಿ ಮೊದಲು ತೆಗೆಸಿದೆ. ಅತ್ತಿಗೆ ಅದನ್ನು ಅಂಗಡಿಯ ಬೆಳಕಿನಲ್ಲಿ ಹಿಡಿದು, ತೆನಿಗಳನ್ನು ಬೆರಳಿಟ್ಟು ಎಣಿಸಿದ ಮೇಲೆಯೇ ಉಳಿದದ್ದಕ್ಕೆ ಹೂಂ ಅಂದರು.