ಡೇಟಾ ಡಿಕ್ಷನರಿ: ಮಾದರಿ ಲೆಕ್ಕದ ಕಾಲಂಗೆ ಪೂರ್ಣ ಅಂಕ, ಹೊಣೆಗಾರರ ಕಾಲಂಗೆ ಅರ್ಧ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ದಿನದ ವರದಿಗಳ ಕೆಲಸ ನನ್ನದು. ಬೆಳಿಗ್ಗೆ ಎಂಟಕ್ಕೆ ಹಿಂದಿನ ದಿನದ ಎರಕ, ರಿಜೆಕ್ಷನ್, ರವಾನೆ ಇವೆಲ್ಲ ಯಾರೂ ಕೈ ಹಚ್ಚದೆಯೇ ಮೇಲ್ ಆಗಿ ಹೊರಡುತ್ತವೆ. ಆ ಮೇಲ್‌ನಲ್ಲಿ ಬರುವ ಪ್ರತಿ ಅಂಕಿಯ ಅರ್ಥವೇನು, ಆ ಅರ್ಥಕ್ಕೆ ಹೊಣೆ ಯಾರು ಎಂದು ಬರೆದಿಟ್ಟ ಪಟ್ಟಿಯನ್ನು, ಅಂದರೆ ಡೇಟಾ ಡಿಕ್ಷನರಿಯನ್ನು, ನಾವು ಕೆಲವು ವರ್ಷಗಳಿಂದ ಬಳಸುತ್ತಿದ್ದೇವೆ. ಅದು ಗೂಗಲ್ ಶೀಟ್‌ನ ಒಂದು ಹಾಳೆ, ಅಷ್ಟೇ. ಇದೇ ಕೆಲಸಕ್ಕೆ ಓಪನ್‌ಮೆಟಾಡೇಟಾ, ಡೇಟಾಹಬ್ ಮುಂತಾದ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ನಿಜ. ಆದರೆ ಅವುಗಳಿಗೆ ಒಂದು ಸರ್ವರ್ ಬೇಕು, ಅದನ್ನು ನೋಡಿಕೊಳ್ಳುವವರು ಬೇಕು. ನಮ್ಮಲ್ಲಿ ಆ ‘ನೋಡಿಕೊಳ್ಳುವವರು’ ಎಂದರೆ ಮತ್ತೆ ನಾನೇ.

ಈ ಹಾಳೆ ಹುಟ್ಟಿದ್ದು ರಿಜೆಕ್ಷನ್ ಶೇಕಡಾವಾರಿನ ಜಗಳದಿಂದ. ಉತ್ಪಾದನಾ ವಿಭಾಗ ಶೇ 4 ಎನ್ನುತ್ತಿತ್ತು, ಲೆಕ್ಕಪತ್ರ ವಿಭಾಗ ಶೇ 7ರ ಹತ್ತಿರ ಎನ್ನುತ್ತಿತ್ತು. ಪ್ರತಿ ಸೋಮವಾರದ ಸಭೆಯ ಮೊದಲ ಅರ್ಧ ಗಂಟೆ ಇದಕ್ಕೇ ಮೀಸಲು. ಇಬ್ಬರ ಲೆಕ್ಕವೂ ಸರಿ ಇತ್ತು ಎನ್ನುವುದೇ ಇದರಲ್ಲಿನ ತಮಾಷೆ. ತಿಳಿಯಲೆಂದು ಸುಲಭದ ಅಂಕಿಗಳಲ್ಲಿ ಹೇಳುತ್ತೇನೆ. ತಿಂಗಳಿಗೆ ಮೂರು ಕಿಲೋ ತೂಗುವ ಬ್ರ್ಯಾಕೆಟ್ 8,000, ನಲವತ್ತು ಕಿಲೋ ತೂಗುವ ಪಂಪ್ ಹೌಸಿಂಗ್ 2,000 ಎರಕವಾದವು ಎಂದುಕೊಳ್ಳಿ. ಬ್ರ್ಯಾಕೆಟ್‌ಗಳಲ್ಲಿ 240, ಹೌಸಿಂಗ್‌ಗಳಲ್ಲಿ 160 ರಿಜೆಕ್ಟ್ ಆದವು. ಎಣಿಕೆಯಲ್ಲಿ ನೋಡಿದರೆ ಹತ್ತು ಸಾವಿರಕ್ಕೆ ನಾನೂರು, ಅಂದರೆ ಶೇ 4. ತೂಕದಲ್ಲಿ ನೋಡಿದರೆ 1,04,000 ಕಿಲೋಗೆ 7,120 ಕಿಲೋ, ಅಂದರೆ ಶೇ 6.85. ಹಗುರವಾದ ಬ್ರ್ಯಾಕೆಟ್‌ಗಳ ದೊಡ್ಡ ಸಂಖ್ಯೆಯ ಹಿಂದೆ ಭಾರದ ಹೌಸಿಂಗ್‌ಗಳ ನಷ್ಟ ಅಡಗಿ ಕುಳಿತಿತ್ತು. ಮರಳಿ ಕರಗಿಸಲು ಕುಲುಮೆಗೆ ಹೋಗುವುದು ತೂಕ, ಎಣಿಕೆಯಲ್ಲ. ಹಾಗಾಗಿ ಹಣದ ಮಾತಿಗೆ ತೂಕವೇ ಸರಿ ಎಂದು ತೀರ್ಮಾನವಾಯಿತು.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆವು. ವ್ಯಾಖ್ಯೆ ಬರೆಯಲು ಕುಳಿತಾಗ ‘ಯಾವ ತಿಂಗಳ ರಿಜೆಕ್ಷನ್?’ ಎಂಬ ಪ್ರಶ್ನೆ ಎದ್ದಿತು. ಎರಕದ ಒಳಗಿನ ಬ್ಲೋಹೋಲ್ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮಷೀನ್ ಶಾಪ್‌ನಲ್ಲಿ ಮೇಲಿನ ಪದರ ಕೊರೆದ ಮೇಲೆ ತೂತು ಬಾಯಿ ಬಿಡುತ್ತದೆ, ಆ ಬಿಡಿಭಾಗ ವಾಪಸು ಬರುತ್ತದೆ. ಅಷ್ಟರಲ್ಲಿ ಒಂದು ತಿಂಗಳೋ ಒಂದೂವರೆಯೋ ಕಳೆದಿರುತ್ತದೆ. ನಮ್ಮ ಹಳೆಯ ವರದಿ ಪತ್ತೆಯಾದ ತಿಂಗಳಿಗೆ ಅದನ್ನು ಸೇರಿಸುತ್ತಿತ್ತು, ಭಾಗಿಸುವುದೂ ಆ ತಿಂಗಳ ಎರಕದಿಂದಲೇ. ದಸರೆ, ದೀಪಾವಳಿ ಒಂದೇ ತಿಂಗಳಲ್ಲಿ ಬಂದು ಎರಕ 100 ಟನ್‌ನಿಂದ 60 ಟನ್‌ಗೆ ಇಳಿದರೆ, ಹಿಂದಿನ ತಿಂಗಳುಗಳಿಂದ ಬಂದ ಅದೇ ಆರು ಟನ್ ರಿಜೆಕ್ಷನ್ ಶೇ 6ರಿಂದ ಶೇ 10ಕ್ಕೆ ನೆಗೆಯುತ್ತದೆ. ಶಾಪ್‌ನಲ್ಲಿ ಏನೂ ಕೆಟ್ಟಿರುವುದಿಲ್ಲ. ಆದರೂ ಹಬ್ಬ ಮುಗಿಸಿ ಬಂದ ಸೂಪರ್‌ವೈಸರ್‌ಗೆ ಬೈಗುಳ ಕಾದಿರುತ್ತದೆ.

ಪರಿಹಾರವಾಗಿ ಒಂದರ ಬದಲು ಎರಡು ಅಂಕಿಗಳನ್ನು, ಎರಡು ಹೆಸರುಗಳಲ್ಲಿ ಇಟ್ಟೆವು. `rej_wt_pct_insp` ಎಂದರೆ ಪತ್ತೆಯಾದ ತಿಂಗಳ ಲೆಕ್ಕ, ಇದು ಗ್ರಾಹಕರೊಂದಿಗಿನ ವ್ಯವಹಾರಕ್ಕೆ. `rej_wt_pct_cast` ಎಂದರೆ ಎರಕ ಹೊಯ್ದ ತಿಂಗಳ ಲೆಕ್ಕ, ಇದು ಕಾರಣ ಹುಡುಕುವುದಕ್ಕೆ. ಎರಡನೆಯದು ಸಾಧ್ಯವಾಗುವುದು ಬಿಡಿಯ ಮೇಲೆ ಉಬ್ಬಾಗಿ ಮೂಡಿರುವ ಹೀಟ್ ನಂಬರಿನಿಂದ, ಅಂದರೆ ಅದು ಯಾವ ಬಾರಿ ಕರಗಿಸಿದ ಲೋಹದ್ದು ಎಂದು ಹೇಳುವ ಸಂಖ್ಯೆಯಿಂದ. ಫೆಟ್ಲಿಂಗ್ ಮಾಡುವವರು ಗ್ರೈಂಡರ್ ಹಿಡಿದು ಅಂಚು ತೀಡುವಾಗ ಕೆಲವೊಮ್ಮೆ ಆ ನಂಬರನ್ನೂ ನುಣ್ಣಗೆ ತೀಡಿಬಿಡುತ್ತಾರೆ. ಅಂಥ ಬಿಡಿಗಳನ್ನು ಯಾವ ತಿಂಗಳಿಗೂ ಸೇರಿಸದೆ ‘ಹೀಟ್ ತಿಳಿಯದು’ ಎಂದು ಬೇರೆ ಸಾಲಿನಲ್ಲಿ ತೋರಿಸಬೇಕು ಎಂದೂ ವ್ಯಾಖ್ಯೆಯಲ್ಲಿ ಬರೆದಿದೆ. ಆ ಸಾಲು ದಪ್ಪವಾದರೆ ಎರಕದ ತಿಂಗಳ ಶೇಕಡಾವಾರು ಸುಳ್ಳೇ ಒಳ್ಳೆಯದಾಗಿ ಕಾಣುತ್ತಿದೆ ಎಂದು ತಿಳಿಯಬೇಕು. ಇನ್ನೊಂದು ಮಿತಿಯೂ ಇದೆ. ವಾಪಸಾತಿಗಳು ಬರುತ್ತಲೇ ಇರುವುದರಿಂದ ಜೂನ್ ತಿಂಗಳ ಅಂಕಿ ಆಗಸ್ಟ್‌ನಲ್ಲೂ ಅಲುಗಾಡುತ್ತದೆ. ಅದಕ್ಕೇ ಅರವತ್ತು ದಿನ ತುಂಬುವವರೆಗೆ ಅದರ ಮುಂದೆ ‘ತಾತ್ಕಾಲಿಕ’ ಎಂದು ಅಚ್ಚಾಗುತ್ತದೆ.

ಎರಕದ ತಿಂಗಳ ಲೆಕ್ಕ ಶುರುವಾದ ಮೇಲೆ ಮಳೆಗಾಲದ ಚಿತ್ರವೇ ಬದಲಾಯಿತು. ನಮ್ಮದು ಹಸಿ ಮರಳಿನ ಅಚ್ಚು. ಮರಳಿನ ತೇವಾಂಶ ಸಾಮಾನ್ಯವಾಗಿ ಶೇ 3ರಿಂದ 4ರಷ್ಟು ಇರಬೇಕು, ಹೆಚ್ಚಾದರೆ ಕಾದ ಲೋಹ ಬಿದ್ದೊಡನೆ ಆವಿಯೆದ್ದು ಬ್ಲೋಹೋಲ್ ಆಗುತ್ತದೆ. ಬೆಳಗಾವಿಯ ಜುಲೈ ಮಳೆ ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಆದರೆ ಹಳೆಯ ವರದಿಯಲ್ಲಿ ಏರಿಕೆ ಕಾಣುತ್ತಿದ್ದದ್ದು ಆಗಸ್ಟ್ ಕೊನೆಗೆ, ಮಳೆ ಕಡಿಮೆಯಾಗುತ್ತಿದ್ದ ಹೊತ್ತಿಗೆ. ಹಾಗಾಗಿ ಮರಳನ್ನು ಯಾರೂ ಅನುಮಾನಿಸುತ್ತಿರಲಿಲ್ಲ.

ಇನ್ನು ನಾನು ಮೆಚ್ಚಿದ ಕಾಲಂ. ವ್ಯಾಖ್ಯೆಯನ್ನು ಮಾತಿನಲ್ಲಿ ಬರೆದರೆ ಓದಿದವರೆಲ್ಲ ತಲೆಯಾಡಿಸುತ್ತಾರೆ, ತಮಗೆ ಬೇಕಾದಂತೆ ಅರ್ಥ ಮಾಡಿಕೊಳ್ಳುತ್ತಾರೆ. ಅದಕ್ಕೆ ಪ್ರತಿ ಅಂಕಿಯ ಪಕ್ಕದಲ್ಲಿ ‘ಮಾದರಿ ಲೆಕ್ಕ’ ಎಂಬ ಕಾಲಂ ಸೇರಿಸಿದೆ. ಮೇಲಿನ ಬ್ರ್ಯಾಕೆಟ್, ಹೌಸಿಂಗ್ ಲೆಕ್ಕವೇ ಅಲ್ಲಿದೆ, ಉತ್ತರ 6.85. ಫೆಟ್ಲಿಂಗ್‌ನ ಹಿರಿಯರೊಬ್ಬರು ವ್ಯಾಖ್ಯೆಯನ್ನು ಓದದೆ ನೇರ ಈ ಕಾಲಂ ನೋಡಿ, ಮೊಬೈಲ್‌ನಲ್ಲಿ ತಾವೇ ಗುಣಿಸಿ ಭಾಗಿಸಿ, ‘ರನ್ನರ್, ರೈಸರ್ ತೂಕ ಇದರಲ್ಲಿ ಇಲ್ಲ ಅಲ್ಲವೇ ಸರ್?’ ಎಂದು ಕೇಳಿದರು. ಇಲ್ಲ. ಅಚ್ಚಿಗೆ ಲೋಹ ಹರಿಸುವ, ತುಂಬಿಸುವ ದಾರಿಗಳಲ್ಲಿ ಗಟ್ಟಿಯಾಗಿ ಆಮೇಲೆ ಕತ್ತರಿಸಿ ತೆಗೆಯುವ ಆ ಲೋಹವನ್ನೂ ಸೇರಿಸಿ, ಹೊಯ್ದದ್ದನ್ನೆಲ್ಲ ಛೇದದಲ್ಲಿಟ್ಟರೆ ಶೇಕಡಾವಾರು ಸುಮ್ಮನೆ ಕಡಿಮೆಯಾಗಿ ಕಾಣುತ್ತದೆ. ಆ ಪ್ರಶ್ನೆಯಿಂದಾಗಿ ‘ಸೇರದಿರುವುದು’ ಎಂಬ ಇನ್ನೊಂದು ಕಾಲಂ ಹುಟ್ಟಿತು.

ಅದೇ ಮಾದರಿ ಲೆಕ್ಕ ಯಂತ್ರಕ್ಕೂ ಕೆಲಸ ಕೊಡುತ್ತದೆ ಎನ್ನುವುದನ್ನು ನಾನು ನಿರೀಕ್ಷಿಸಿರಲಿಲ್ಲ. ಆ ನಾಲ್ಕಾರು ಸಾಲುಗಳನ್ನು ಡೇಟಾಬೇಸ್‌ನಲ್ಲಿ ಪರೀಕ್ಷೆಗೆಂದೇ ಇಟ್ಟಿದ್ದೇನೆ. ದಿನಾ ರಾತ್ರಿ ವರದಿಯ ಸೂತ್ರ ಮೊದಲು ಅವುಗಳ ಮೇಲೆ ಓಡುತ್ತದೆ:

```sql
100.0 * sum(rej_kg) / nullif(sum(cast_kg), 0)
```

ಉತ್ತರವನ್ನು ಎರಡು ದಶಮಾಂಶ ಸ್ಥಾನಕ್ಕೆ ಸರಿಹೊಂದಿಸಿದಾಗ 6.85 ಬಂದರೆ ಮುಂದಿನ ಕೆಲಸ, ಬಾರದಿದ್ದರೆ ಮೇಲ್ ಹೋಗುವುದಿಲ್ಲ. (`nullif` ಇರುವುದು ಕುಲುಮೆ ಆರಿದ ದಿನ ಸೊನ್ನೆಯಿಂದ ಭಾಗಿಸಿ ವರದಿ ಮುಗ್ಗರಿಸದಿರಲಿ ಎಂದು.) ಬರೆದ ವ್ಯಾಖ್ಯೆ ಒಂದು, ಓಡುವ ಸೂತ್ರ ಇನ್ನೊಂದು ಆಗುವುದೇ ಇಂಥ ಪಟ್ಟಿಗಳ ಹಳೆಯ ಕಾಯಿಲೆ. ಹೊರಗಿನವರೊಬ್ಬರು ವರದಿ ವೇಗವಾಗಲಿ ಎಂದು ಸೂತ್ರ ತಿದ್ದಿ, ದಿನದ ಶೇಕಡಾವಾರುಗಳ ಸರಾಸರಿಯನ್ನೇ ತಿಂಗಳ ಅಂಕಿಯಾಗಿ ಮಾಡಿದ್ದರು. ಐದು ಟನ್ನಿನ ದಿನಕ್ಕೂ ಅರ್ಧ ಟನ್ನಿನ ದಿನಕ್ಕೂ ಒಂದೇ ಬೆಲೆ! ಮಾದರಿ ಸಾಲುಗಳನ್ನು ಎರಡು ಅಸಮ ದಿನಗಳಾಗಿ ಹಂಚಿಟ್ಟಿದ್ದರಿಂದ ಅದು ಮೊದಲ ರಾತ್ರಿಯೇ ಸಿಕ್ಕಿಬಿದ್ದಿತು.

ಇದರ ಜೊತೆಗೆ ಇನ್ನೊಂದು ತಪಾಸಣೆ ಇದೆ. ವರದಿಯಲ್ಲಿರುವ ಅಂಕಿಗೆ ಡಿಕ್ಷನರಿಯಲ್ಲಿ ಸಾಲೇ ಇಲ್ಲದಿದ್ದರೆ ಅಥವಾ ಹೊಣೆಗಾರರ ಜಾಗ ಖಾಲಿ ಇದ್ದರೆ ಇದು ಅದರ ಹೆಸರು ಹೇಳುತ್ತದೆ:

```sql
select r.metric_id
from report_metrics r
left join dictionary d on d.metric_id = r.metric_id
where d.metric_id is null or d.owner is null;
```

ಬೆಳಿಗ್ಗೆ ಏಳೂವರೆಗೆ ಕ್ಯಾಂಟೀನಿನ ಚಹಾ ಮೇಜಿನ ಮೇಲಿಟ್ಟುಕೊಂಡು ಇದರ ಫಲಿತಾಂಶ ನೋಡುವುದು ನನ್ನ ದಿನದ ಮೊದಲ ಕೆಲಸ. ಒಂದೂ ಸಾಲು ಇಲ್ಲದೆ ಖಾಲಿ ಬಂದರೆ ಚಹಾ ಬಿಸಿಯಿರುವಾಗಲೇ ಮುಗಿಯುತ್ತದೆ.

ಇಷ್ಟರವರೆಗೆ ಹೊಗಳಿಕೆ. ಹೊಣೆಗಾರರ ಕಾಲಂ ಬಗ್ಗೆ ನನಗೆ ಅಷ್ಟು ಪ್ರೀತಿ ಉಳಿದಿಲ್ಲ. ಖಾಲಿ ಇದೆಯೇ ಎಂದು ಯಂತ್ರ ನೋಡಬಲ್ಲದು, ತುಂಬಿರುವ ಹೆಸರು ಜೀವಂತವಾಗಿದೆಯೇ ಎಂದು ನೋಡಲಾರದು. ಗುಣಮಟ್ಟ ವಿಭಾಗದವರೊಬ್ಬರು ಕೆಲಸ ಬಿಟ್ಟು ಪುಣೆಗೆ ಹೋದ ಮೇಲೂ ವರದಿಯ ಅಡಿಯಲ್ಲಿ ಅವರ ಹೆಸರೇ ಅಚ್ಚಾಗುತ್ತಿತ್ತು. ಪಾಪ, ಅವರಿಗೆ ಇಲ್ಲಿಂದ ಫೋನು ಹೋಗುತ್ತಲೇ ಇತ್ತು. ಈಗ ವ್ಯಕ್ತಿಯ ಹೆಸರಿನ ಬದಲು ಹುದ್ದೆ, ಅದರ ಪಕ್ಕ ಬದಲಿ ಹುದ್ದೆ, ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ ಇವೆ. ಆರು ತಿಂಗಳು ದಾಟಿದರೆ ಸಾಲು ಕೆಂಪಾಗುತ್ತದೆ. ಕೆಂಪಾದ ಮೇಲೆ ಏನಾಗುತ್ತದೆ ಎಂದರೆ, ನಾನು ಇಂಟರ್‌ಕಾಮ್ ಎತ್ತುತ್ತೇನೆ, ಆಚೆಯವರು ಓದದೆಯೇ ‘ಸರಿ ಇದೆ, ದಿನಾಂಕ ಹಾಕಿಬಿಡಿ’ ಎನ್ನುತ್ತಾರೆ. ದತ್ತಾಂಶ ತುಂಬುವವರು, ಸೂತ್ರ ಬರೆಯುವವರು ಹೊಣೆಗಾರರಲ್ಲ, ಅರ್ಥ ನಿರ್ಧರಿಸುವವರೇ ಹೊಣೆಗಾರರು ಎಂದು ಹಾಳೆಯ ನೆತ್ತಿಯ ಮೇಲೆ ಬರೆದಿದ್ದರೂ ಅರ್ಧದಷ್ಟು ಸಾಲುಗಳು ನನ್ನ ತಲೆಗೇ ಬರುತ್ತವೆ.

ಇದಕ್ಕಿಂತ ಕಹಿಯಾದದ್ದು, ಯಾರ ಕೆಲಸವನ್ನು ಅಂಕಿ ಅಳೆಯುತ್ತದೆಯೋ ಅವರನ್ನೇ ಹೊಣೆಗಾರರನ್ನಾಗಿ ಮಾಡುವುದು. ರಿಜೆಕ್ಷನ್‌ನ ಹೊಣೆ ಕೆಲಕಾಲ ಉತ್ಪಾದನಾ ವಿಭಾಗದ ಬಳಿ ಇತ್ತು. ಒಂದು ದಿನ ‘ಸೇರದಿರುವುದು’ ಕಾಲಂನಲ್ಲಿ ‘ದುರಸ್ತಿಗೆ ಕಳಿಸಿದ ಬಿಡಿಗಳು’ ಎಂಬ ಮಾತು ಸೇರಿತು. ಮುಂದಿನ ತಿಂಗಳ ಗೆರೆ ಸರ್ರನೆ ಇಳಿಯಿತು, ಸಭೆಯಲ್ಲಿ ಚಪ್ಪಾಳೆಯೂ ಬಿತ್ತು. ದುರಸ್ತಿಯಾಗದೆ ಗುಜರಿಗೆ ಹೋದ ಬಿಡಿಗಳು ಯಾವ ಲೆಕ್ಕದಲ್ಲೂ ಇರಲಿಲ್ಲ. ಹಾಳೆಯ ಹಳೆಯ ಆವೃತ್ತಿಗಳನ್ನು ತೆರೆದು ನೋಡಿದಾಗಲೇ ಇದು ಬಯಲಾದದ್ದು. ಅಲ್ಲಿಂದೀಚೆಗೆ ವ್ಯಾಖ್ಯೆಯ ಸಾಲನ್ನು ಯಾರೂ ಅಳಿಸಿ ಬರೆಯುವಂತಿಲ್ಲ. ಹಳೆಯದಕ್ಕೆ ಮುಕ್ತಾಯದ ದಿನಾಂಕ ಹಾಕಿ, ಕೆಳಗೆ ಹೊಸ ಸಾಲು ‘ಜಾರಿಯಾದ ದಿನಾಂಕ’ದೊಂದಿಗೆ ಬರಬೇಕು. ಆ ದಿನಾಂಕದಲ್ಲಿ ನಕ್ಷೆಯ ಮೇಲೆ ಒಂದು ನೆಟ್ಟಗಿನ ಗೆರೆ ಬೀಳುತ್ತದೆ. ಹೊಣೆ ಗುಣಮಟ್ಟ ವಿಭಾಗಕ್ಕೆ ಮರಳಿದೆ, ಉತ್ಪಾದನೆಯವರು ಬದಲಾವಣೆ ಕೇಳಬಹುದು, ಮಾಡುವಂತಿಲ್ಲ.

ಸಣ್ಣ ಕಿರಿಕಿರಿಯೊಂದು: ವ್ಯಾಖ್ಯೆಗಳೆಲ್ಲ ಕನ್ನಡದಲ್ಲಿವೆ, ಶಾಪ್‌ನವರು ಓದಬೇಕಲ್ಲ. ಆದರೆ ಸಿಎಸ್‌ವಿ ಕಡತವಾಗಿ ಇಳಿಸಿ ಎಕ್ಸೆಲ್‌ನಲ್ಲಿ ನೇರ ತೆರೆದರೆ ಅಕ್ಷರಗಳು ಕಲಸಿಹೋಗುತ್ತವೆ. ಪೈಥಾನ್‌ನಲ್ಲಿ ಕಡತ ಬರೆಯುವಾಗ ಎನ್‌ಕೋಡಿಂಗ್ `utf-8-sig` ಎಂದು ಕೊಟ್ಟರೆ ಈ ಕಾಟ ತಪ್ಪುತ್ತದೆ.

ಒಟ್ಟಿಗೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಹೊಸದಾಗಿ ಶುರು ಮಾಡುವವರು ಇರುವ ಅಂಕಿಗಳನ್ನೆಲ್ಲ ಬರೆಯಲು ಹೋಗಬೇಡಿ. ಸಭೆಯಲ್ಲಿ ಜಗಳವಾಗುವ ಒಂದೆರಡನ್ನು ಮಾತ್ರ ತೆಗೆದುಕೊಂಡು, ಮಾದರಿ ಲೆಕ್ಕದ ಸಮೇತ ಬರೆಯಿರಿ. ನಮ್ಮಲ್ಲಿ ಟನ್ನಿಗೆ ತಗಲುವ ವಿದ್ಯುತ್ ಯೂನಿಟ್ ಇಂದಿಗೂ ವರದಿಯಲ್ಲಿಲ್ಲ. ಕರಗಿಸುವ ವಿಭಾಗದವರು ದ್ರವ ಲೋಹದ ಟನ್ ಎನ್ನುತ್ತಾರೆ, ಲೆಕ್ಕಪತ್ರದವರು ರವಾನೆಯಾದ ಬಿಡಿಗಳ ಟನ್ ಎನ್ನುತ್ತಾರೆ, ಎಲೆಕ್ಟ್ರಿಕಲ್‌ನವರು ಅದೇ ಮೀಟರಿನಲ್ಲಿ ಕಂಪ್ರೆಸರ್ ಕೂಡ ಓಡುತ್ತದೆ ಎನ್ನುತ್ತಾರೆ. ಮೂವರಲ್ಲಿ ಒಬ್ಬರು ಹೊಣೆಗಾರರ ಕಾಲಂನಲ್ಲಿ ತಮ್ಮ ಹುದ್ದೆ ಬರೆಸುವವರೆಗೆ ಆ ಅಂಕಿ ಮೇಲ್‌ನಲ್ಲಿ ಬರುವುದಿಲ್ಲ ಎಂದು ಮ್ಯಾನೇಜರರಿಗೆ ಹೇಳಿದ್ದೇನೆ.