ಎತ್ತರದ ಶೂ, ಟೇಪ್, ಬ್ರೇಸ್, ಹಲಗೆ, ಇಳಿಯುವ ರೀತಿ: ಎರಡು ಸಲ ಉಳುಕಿದ ಕಾಲಿನ ಮೇಲೆ ನಡೆಸಿದ ಹೋಲಿಕೆ

ವಾಲಿಬಾಲ್ ತಂಡದಲ್ಲಿ ನಾನು ನೆಟ್‌ನ ನಡುವೆ ನಿಲ್ಲುವ ಬ್ಲಾಕರ್. 14 ತಿಂಗಳಲ್ಲಿ ನನ್ನ ಬಲಗಾಲು ಎರಡು ಸಲ ಉಳುಕಿತು, ಎರಡೂ ಸಲ ಒಂದೇ ರೀತಿಯಲ್ಲಿ. ಬ್ಲಾಕ್ ಮಾಡಲೆಂದು ಪಕ್ಕಕ್ಕೆ ಓಡಿ ಹಾರಿದೆ, ಇಳಿಯುವಾಗ ಪಾದ ಎದುರಾಳಿಯ ಶೂ ಮೇಲೆ ಬಿತ್ತು. ಬೆರಳು ಕೆಳಮುಖ, ಅಂಗಾಲು ಒಳಮುಖ, ಮೈಭಾರವೆಲ್ಲ ಹೊರ ಅಂಚಿನ ಮೇಲೆ. ಪಾದದ ಒಂದಿಷ್ಟು ಭಾಗ ನಡುಗೆರೆಯ ಮೇಲಿದ್ದರೆ ಆಚೆ ಅಂಕಣವನ್ನು ತುಳಿದರೂ ತಪ್ಪಲ್ಲ ಎನ್ನುತ್ತದೆ ನಿಯಮ. ಹಾಗಾಗಿ ಆ ಗೆರೆಯ ಆಸುಪಾಸಿನ ಜಾಗಕ್ಕೆ ಎರಡೂ ತಂಡದವರು ಹಕ್ಕುದಾರರು. ಬ್ಯಾಸ್ಕೆಟ್‌ಬಾಲ್‌ನಲ್ಲಿ ರೀಬೌಂಡ್‌ಗೆ ಹಾರಿದವರ ಪಾಡೂ ಇದೇ.

ಎರಡನೆಯ ಉಳುಕು ವಾಸಿಯಾದ ಮೇಲೆ, ಜನ ಹೇಳುವ ಐದು ಉಪಾಯಗಳನ್ನೂ ಒಂದೊಂದಾಗಿ ಪರೀಕ್ಷಿಸಿದೆ. ಒಬ್ಬನ ಕಾಲಿನ ಅನುಭವ ಎಲ್ಲರಿಗೂ ಪ್ರಮಾಣವಾಗುವುದಿಲ್ಲ, ನಿಜ. ಆದರೆ ಯಾವುದು ಯಾವಾಗ ಕೈಕೊಡುತ್ತದೆ ಎಂಬುದು ಕಣ್ಣಿಗೆ ಬಿತ್ತು.

ಶುರುವಿಗೆ ಎತ್ತರದ ಕತ್ತಿನ ಶೂ. ಇದರ ವಿಚಾರ ಬೇಗ ಮುಗಿಯುತ್ತದೆ, ಏಕೆಂದರೆ ನನ್ನ ಎರಡನೆಯ ಉಳುಕು ಆದದ್ದೇ ಅದನ್ನು ತೊಟ್ಟಿದ್ದಾಗ. ಕಣಕಾಲನ್ನು ಸುತ್ತುವ ಮೆತ್ತನೆಯ ಪಟ್ಟಿ ಬೆಚ್ಚಗಿರುತ್ತದೆ, ಧೈರ್ಯ ಕೊಡುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಮಡಚಿಕೊಳ್ಳುವ ಬಟ್ಟೆ 80 ಕಿಲೋ ಮೈಯನ್ನು ತಡೆಯುವುದೆಂತು? ಎತ್ತರದ ಶೂ ಮತ್ತು ಗಿಡ್ಡ ಶೂ ತೊಟ್ಟ ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ಹೋಲಿಸಿದ 1993ರ ಅಧ್ಯಯನದಲ್ಲೂ ಉಳುಕಿನ ಪ್ರಮಾಣದಲ್ಲಿ ವ್ಯತ್ಯಾಸ ಸಿಗಲಿಲ್ಲ. ಶೂನಲ್ಲಿ ನೋಡಬೇಕಾದದ್ದು ತಳ. ಅಟ್ಟೆ ದಪ್ಪವಾಗಿ ಮೆತ್ತಗಿದ್ದಷ್ಟೂ ಪಾದ ನೆಲದಿಂದ ಮೇಲೇರುತ್ತದೆ, ಹೊರಳಲು ಸನ್ನೆಗೋಲು ಉದ್ದವಾಗುತ್ತದೆ. ಓಟದ ಶೂ ಹಾಕಿಕೊಂಡು ಅಂಕಣಕ್ಕಿಳಿಯುವವರು ಇದನ್ನೇ ಮರೆಯುತ್ತಾರೆ. ಈಗ ನಾನು ಕೊಳ್ಳುವುದು ಗಿಡ್ಡ ಕತ್ತಿನ, ತೆಳು ಅಟ್ಟೆಯ, ತಳ ಅಗಲವಾಗಿರುವ, ಹಿಮ್ಮಡಿಯ ಬಟ್ಟಲು ಒತ್ತಿದರೆ ಬಗ್ಗದ ಶೂ.

ಟೇಪ್ ಇದಕ್ಕಿಂತ ಎಷ್ಟೋ ಮೇಲು, ಮೊದಲ ಸೆಟ್ ಮುಗಿಯುವವರೆಗೆ. ಹಿಮ್ಮಡಿಯ ಅಡಿಯಿಂದ ಎರಡೂ ಬದಿಗೆ ಎಳೆದ ಪಟ್ಟಿಗಳು, ಅವುಗಳ ಮೇಲೆ ಎಂಟರ ಆಕಾರದ ಸುತ್ತು, ಕೊನೆಗೆ ಹಿಮ್ಮಡಿಗೆ ಬೀಗ. ಗೆಳೆಯನೊಬ್ಬ 10 ನಿಮಿಷ ಕೂತು ಕಟ್ಟಿದಾಗ ಪಾದ ಮರದ ತುಂಡಿನಂತಿತ್ತು. ಸುಮಾರು 20 ನಿಮಿಷ ಆಡಿದ ಮೇಲೆ ಬೆಂಚಿನಲ್ಲಿ ಕೂತು ಪಾದವನ್ನು ಒಳಕ್ಕೆ ತಿರುಗಿಸಿ ನೋಡಿದೆ: ಹೆಚ್ಚುಕಡಿಮೆ ಬರಿಗಾಲಿನಷ್ಟೇ ತಿರುಗಿತು. ಬೆವರು, ಚರ್ಮದ ಜಾರಿಕೆ, ಎಳೆತ ಎಲ್ಲ ಸೇರಿ ಟೇಪ್ ಸಡಿಲವಾಗುತ್ತದೆ. ಪ್ರತಿ ಸಲವೂ ಕಟ್ಟಲು ಬಲ್ಲವರೊಬ್ಬರು ಬೇಕು. ಆರು ವಾರಕ್ಕೆ ಬಿಟ್ಟೆ.

ಅದರ ಜಾಗಕ್ಕೆ ಬಂದದ್ದು ಲೇಸ್ ಕಟ್ಟುವ ಬ್ರೇಸ್. ಕಾಲುಚೀಲದ ಮೇಲೆ ತೊಟ್ಟು, ಲೇಸ್ ಬಿಗಿದು, ಅಡ್ಡಪಟ್ಟಿಗಳನ್ನು ಎಳೆದು ಅಂಟಿಸಲು ಎರಡು ನಿಮಿಷ. ಸೆಟ್‌ಗಳ ನಡುವೆ ಮತ್ತೆ ಬಿಗಿಯಬಹುದು, ಟೇಪ್‌ನ ಮುಂದೆ ಇದರ ದೊಡ್ಡ ಗೆಲುವು ಇದೇ. ಪಾದ ಮೇಲೆ ಕೆಳಗೆ ಆಡುತ್ತದೆ, ಒಳಕ್ಕೆ ಹೊರಳುವುದಕ್ಕೆ ಮಾತ್ರ ತಡೆ ಬೀಳುತ್ತದೆ. ಗೋಡೆಯ ಮೇಲೆ ಸುಣ್ಣದ ಗುರುತು ಹಾಕಿ ನೋಡಿದಾಗ ಮೊದಲ ವಾರ ನೆಗೆತ ಒಂದು ಬೆರಳಿನಷ್ಟು ತಗ್ಗಿತ್ತು, ಆಮೇಲೆ ಸರಿಹೋಯಿತು. ಹೈಸ್ಕೂಲು ಬ್ಯಾಸ್ಕೆಟ್‌ಬಾಲ್ ಆಟಗಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಇಂಥ ಬ್ರೇಸ್ ತೊಟ್ಟವರಿಗೆ ಉಳುಕು ಕಡಿಮೆಯಾಯಿತು. ಆದರೂ ಉಳುಕಿದವರಲ್ಲಿ ಗಾಯದ ತೀವ್ರತೆ ಕಡಿಮೆಯಾಗಿರಲಿಲ್ಲ. ಆ ಕೊನೆಯ ಮಾತನ್ನು ಬ್ರೇಸ್ ಮಾರುವವರು ಹೇಳುವುದಿಲ್ಲ.

ಇವು ಮೂರೂ ಹೊರಗಿನ ಕಾವಲು. ಒಳಗಿನ ಕಾವಲು ಪೆರೋನಿಯಲ್ ಸ್ನಾಯುಗಳದ್ದು. ಮೊಣಕಾಲಿನ ಕೆಳಗೆ ಹೊರಬದಿಯಲ್ಲಿ ಇಳಿದು ಬರುವ ಇವು ಪಾದವನ್ನು ಹೊರಕ್ಕೆ ಎಳೆಯುತ್ತವೆ. ತೊಡಕೆಂದರೆ ಸಮಯ. ಪಾದ ಹೊರಳಿದ ಸುದ್ದಿ ಮುಟ್ಟಿ ಸ್ನಾಯು ಮಿಡಿಯಲು ಸುಮಾರು 60 ಮಿಲಿಸೆಕೆಂಡ್ ಬೇಕು, ಅದರಲ್ಲಿ ಬಲ ಕೂಡಲು ಇನ್ನೂ ಹೊತ್ತು ಬೇಕು. ಅಷ್ಟರೊಳಗೆ ಲಿಗಮೆಂಟ್ ಹರಿದಿರಬಹುದು. ಆದ್ದರಿಂದ ಸ್ನಾಯು ನೆಲ ಮುಟ್ಟುವ ಮೊದಲೇ ಬಿಗಿದು ಸಿದ್ಧವಾಗಿರಬೇಕು. ಉಳಿದೆರಡು ಉಪಾಯಗಳನ್ನು ನಾನು ಈ ಅಳತೆಗೋಲಿನಿಂದಲೇ ತೂಗಿದೆ.

ಸಮತೋಲನದ ಅಭ್ಯಾಸ ಬೇಸರ ತರಿಸುವಂಥದ್ದು, ಸುಳ್ಳು ಹೇಳುವುದಿಲ್ಲ. ದಿನಕ್ಕೆ 10 ನಿಮಿಷ, ವಾರಕ್ಕೆ ಐದು ದಿನ. ಮೊದಲ ವಾರ ನೆಲದ ಮೇಲೆ ಒಂಟಿಕಾಲು, ಎರಡನೆಯ ವಾರ ಕಣ್ಣು ಮುಚ್ಚಿ, ಮೂರನೆಯ ವಾರ ಓಲಾಡುವ ಹಲಗೆಯ ಮೇಲೆ, ನಾಲ್ಕರಿಂದ ಹಲಗೆಯ ಮೇಲೆ ನಿಂತು ಚೆಂಡು ಹಿಡಿಯುವುದು. ಕಣ್ಣು ಮುಚ್ಚಿದ ಮೊದಲ ರಾತ್ರಿ ಎಡಗಾಲಿನಲ್ಲಿ 27 ಸೆಕೆಂಡ್ ನಿಂತೆ, ಬಲಗಾಲಿನಲ್ಲಿ 9. ಎರಡು ಸಲ ಗಾಯವಾದ ಕಾಲು ತಾನು ಎಲ್ಲಿದ್ದೇನೆಂಬುದನ್ನೇ ಮರೆತಿತ್ತು. ಮೊದಮೊದಲು ಮೊಣಕಾಲನ್ನು ನೆಟ್ಟಗೆ ಬಿಗಿದು, ಬೆರಳುಗಳಿಂದ ನೆಲವನ್ನು ಕಚ್ಚಿ ನಿಲ್ಲುತ್ತಿದ್ದೆ. ಹಾಗೆ ನಿಂತರೆ ಸೆಕೆಂಡುಗಳು ಏರುತ್ತವೆ, ಪೆರೋನಿಯಲ್‌ಗೆ ಕೆಲಸ ಸಿಗುವುದಿಲ್ಲ. ಮೊಣಕಾಲನ್ನು ತುಸು ಬಗ್ಗಿಸಿ, ಬೆರಳು ಸಡಿಲಬಿಟ್ಟಾಗ ಪಾದದ ಹೊರಬದಿ ನಡುಗತೊಡಗಿತು. ಸರಿಯಾಗಿ ಮಾಡುತ್ತಿದ್ದೇನೆಂಬ ಗುರುತು ಅದು. ಏಳನೆಯ ವಾರಕ್ಕೆ ಬಲಗಾಲು 24 ಸೆಕೆಂಡ್ ಮುಟ್ಟಿತು. ಈ ಅಭ್ಯಾಸದ ಲಾಭ ಹೆಚ್ಚು ಸ್ಪಷ್ಟವಾಗಿ ಕಂಡಿರುವುದು ಈಗಾಗಲೇ ಉಳುಕಿದ ಕಾಲುಗಳಲ್ಲಿ. ಎಂದೂ ಉಳುಕದವರಿಗೆ ಇದನ್ನು ಅಷ್ಟು ಒತ್ತಿ ಹೇಳಲಾರೆ.

ಕೊನೆಯದು, ಇಳಿಯುವ ರೀತಿ. ಗೆಳೆಯ ಮೊಬೈಲಿನಲ್ಲಿ ನನ್ನ 20 ಬ್ಲಾಕ್‌ಗಳನ್ನು ನಿಧಾನಗತಿಯಲ್ಲಿ ಚಿತ್ರಿಸಿದ. 11 ಸಲ ನಾನು ಬಲಗಾಲೊಂದರ ಮೇಲೆಯೇ ಇಳಿದಿದ್ದೆ, ಅದೂ ಹಾರಿದ ಜಾಗದಿಂದ ಅರ್ಧ ಅಡಿಗೂ ಹೆಚ್ಚು ಪಕ್ಕಕ್ಕೆ. ತಪ್ಪು ಇಳಿಯುವಾಗ ಆದದ್ದಲ್ಲ, ಹಾರುವ ಮೊದಲೇ ಆಗಿತ್ತು: ಪಕ್ಕಕ್ಕೆ ಓಡಿದ ವೇಗವನ್ನು ಕೊನೆಯ ಹೆಜ್ಜೆಯಲ್ಲಿ ಕೊಲ್ಲದೆ ಹಾರುತ್ತಿದ್ದೆ. ಹೊರಗಾಲನ್ನು ಬಲವಾಗಿ ಊರಿ, ಬೆರಳು ನೆಟ್‌ನ ಕಡೆ ತಿರುಗಿಸಿ, ಇನ್ನೊಂದು ಪಾದವನ್ನು ಭುಜದಗಲದಲ್ಲಿ ಜೋಡಿಸಿ ನೇರ ಮೇಲಕ್ಕೆ ಹಾರುವುದನ್ನು ಕಲಿತೆ. ಜೊತೆಗೆ 30 ಸೆಂಟಿಮೀಟರ್ ಎತ್ತರದ ಪೆಟ್ಟಿಗೆಯಿಂದ ಇಳಿದು, ಮುಂಗಾಲು ಮೊದಲು, ಹಿಮ್ಮಡಿ ಆಮೇಲೆ, ಮೊಣಕಾಲು ಬೆರಳುಗಳ ನೇರಕ್ಕೆ ಬಗ್ಗಿಸಿ ಮೂರು ಸೆಕೆಂಡ್ ಅಲುಗದೆ ನಿಲ್ಲುವುದು. ಇಲ್ಲಿ ಇನ್ನೊಂದು ಗುಟ್ಟು ಹೊರಬಿತ್ತು. ಹಿಮ್ಮಡಿ ಎತ್ತದೆ ಮೊಣಕಾಲಿನಿಂದ ಗೋಡೆ ಮುಟ್ಟಿದಾಗ ಎಡ ಹೆಬ್ಬೆರಳು ಗೋಡೆಯಿಂದ 11 ಸೆಂಟಿಮೀಟರ್ ದೂರವಿತ್ತು, ಬಲದ್ದು 7. ಕೀಲೇ ಬಗ್ಗದಿದ್ದರೆ ಮೆಲ್ಲಗೆ ಇಳಿಯುವುದಾದರೂ ಹೇಗೆ? ಮೀನಖಂಡ ಹಿಗ್ಗಿಸುವುದನ್ನೂ ಸೇರಿಸಿಕೊಂಡೆ. ಹತ್ತು ವಾರದ ಮೇಲಿನ ವಿಡಿಯೊದಲ್ಲಿ 20ಕ್ಕೆ 4 ಒಂಟಿಕಾಲು, ಆ ನಾಲ್ಕೂ ದಣಿದ ಮೇಲಿನವು.

ನಾರ್ವೆಯ ವಾಲಿಬಾಲ್ ಆಟಗಾರರಿಗೆ ಹಾರುವ ಮತ್ತು ಇಳಿಯುವ ತಂತ್ರವನ್ನೂ ಹಲಗೆಯ ಅಭ್ಯಾಸವನ್ನೂ ಒಟ್ಟಿಗೆ ಕಲಿಸಿದಾಗ ಉಳುಕು ಅರ್ಧದಷ್ಟಾದದ್ದು 1997ರಲ್ಲಿ ವರದಿಯಾಗಿದೆ. ಐದರಲ್ಲಿ ಒಂದನ್ನೇ ಆರಿಸು ಎಂದರೆ ನಾನು ಇಳಿಯುವ ರೀತಿಯನ್ನೇ ಆರಿಸುತ್ತೇನೆ, ಪರರ ಶೂ ಇರುವ ಜಾಗಕ್ಕೆ ನನ್ನ ಪಾದ ಹೋಗದಂತೆ ನೋಡಿಕೊಳ್ಳುವುದು ಅದೊಂದೇ. ಆದರೆ ಅದು ಮೈಗೂಡಲು ತಿಂಗಳುಗಳು ಬೇಕು, ಮತ್ತೆ ಉಳುಕುವ ಅಪಾಯ ಹೆಚ್ಚಿರುವುದು ಗಾಯದ ನಂತರದ ಮೊದಲ ವರ್ಷದಲ್ಲಿ. ಆ ನಡುವಿನ ಕಾಲಕ್ಕೆ ಬ್ರೇಸ್. ಈಗ ಅಭ್ಯಾಸದ ದಿನ ಅದನ್ನು ತೊಡುವುದಿಲ್ಲ, ಪಂದ್ಯದ ದಿನ ತೊಡುತ್ತೇನೆ. ಹಲಗೆ ವಾರಕ್ಕೆ ಮೂರು ದಿನಕ್ಕೆ ಇಳಿದಿದೆ. ಎತ್ತರದ ಶೂಗಳನ್ನು ತಮ್ಮನಿಗೆ ಕೊಟ್ಟೆ, ಅವನು ಕ್ಯಾರಂ ಆಡುತ್ತಾನೆ.