ಕೊಡಗಿನಲ್ಲಿ ಹಳೆ ಲೆನ್ಸ್ ಕೊಳ್ಳುವಾಗ: ಜಾಹೀರಾತು ಸೈಟ್‌ಗಳ ಬಗ್ಗೆ ನನ್ನ ಅನುಭವ

ಹಳೆ ಸಾಮಾನು ಮಾರುವ ಜಾಹೀರಾತು ಸೈಟ್‌ಗಳಲ್ಲಿ ನಾನು ಕೆಲವು ವರ್ಷಗಳಿಂದ ಕ್ಯಾಮೆರಾ ಲೆನ್ಸ್ ಕೊಳ್ಳುತ್ತಿದ್ದೇನೆ. ತೋಟಕ್ಕೆ ಬರುವ ಹಕ್ಕಿಗಳ ಫೋಟೊ ತೆಗೆಯುತ್ತೇನೆ. ಹೊಸ ಲೆನ್ಸ್ ನನ್ನ ಕೈಗೆ ಎಟುಕುವುದಿಲ್ಲ. ಸೈಟ್ ಬಳಸುವುದು ಎಲ್ಲರಿಗೂ ಗೊತ್ತು, ಅದನ್ನು ಬಿಡೋಣ. ನನಗೆ ಸಿಟ್ಟು ಬರಿಸುವುದು ಜಾಹೀರಾತಿನ ಒಂದೇ ಸಾಲು: "ತುಂಬಾ ಕಡಿಮೆ ಬಳಸಿದ್ದು, ಬೀರುವಿನಲ್ಲೇ ಇತ್ತು."

ಒಣ ಹವೆಯ ಊರಲ್ಲಿ ಇದು ಒಳ್ಳೆ ಮಾತು. ನಮ್ಮಲ್ಲಿ ಹಾಗಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಬಟ್ಟೆ, ಬೆಲ್ಟ್‌ಗೇ ಬೂಷ್ಟು ಹಿಡಿಯುತ್ತದೆ. ಬ್ಯಾಗಿನಲ್ಲಿ ಮುಚ್ಚಿಟ್ಟ ಲೆನ್ಸ್ ಉಳಿಯುತ್ತದಾ? ಕತ್ತಲೆ, ತೇವ, ಗಾಳಿ ಆಡದ ಜಾಗ, ಫಂಗಸ್‌ಗೆ ಬೇಕಾದದ್ದು ಇಷ್ಟೇ. ಹೊರಗಿನ ಗಾಜನ್ನು ಒರೆಸಬಹುದು. ಒಳಗಿನದಕ್ಕೆ ಲೆನ್ಸ್ ಬಿಚ್ಚಲೇಬೇಕು. ತುಂಬಾ ದಿನ ಬಿಟ್ಟರೆ ಅದು ಗಾಜಿನ ಮೇಲಿನ ಕೋಟಿಂಗನ್ನೇ ತಿನ್ನುತ್ತದೆ. ಆಮೇಲೆ ಕ್ಲೀನ್ ಮಾಡಿಸಿದರೂ ಗುರುತು ಹೋಗುವುದಿಲ್ಲ.

ಅದಕ್ಕೇ ನಾನು ಫೋನಿನಲ್ಲಿ ಬೆಲೆಗಿಂತ ಮೊದಲು ಕೇಳುವುದು, "ಮಳೆಗಾಲದಲ್ಲಿ ಎಲ್ಲಿ ಇಟ್ಟಿದ್ರಿ ಸರ್?" ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬ ಅಂದರೆ ಮಾತು ಮುಂದುವರಿಸುತ್ತೇನೆ. ಬ್ಯಾಗ್ ಅಂದರೆ ನೋಡದೆ ಒಪ್ಪುವುದಿಲ್ಲ.

ನಾಪೋಕ್ಲು ಕಡೆಯವರೊಬ್ಬರು 55-250 ಎಂಎಂ ಜೂಮ್ ಲೆನ್ಸ್ ಅನ್ನು 7,000 ರೂಪಾಯಿಗೆ ಹಾಕಿದ್ದರು. ಫೋಟೊದಲ್ಲಿ ಹೊಸದರಂತೆ ಹೊಳೆಯುತ್ತಿತ್ತು. ಹಗಲು ಹೊತ್ತು, ಮಡಿಕೇರಿ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಬೇಕರಿಯಲ್ಲಿ ಭೇಟಿ. ಜನ ಇರುವ ಜಾಗ, ಕೂತು ನೋಡಲು ಟೇಬಲ್, ಇಬ್ಬರಿಗೂ ನೆಮ್ಮದಿ.

ಎರಡೂ ಕಡೆಯ ಮುಚ್ಚಳ ತೆಗೆದೆ. ಫೋನಿನ ಟಾರ್ಚನ್ನು ಹಿಂದಿನಿಂದ ಸ್ವಲ್ಪ ಓರೆಯಾಗಿ ಹಿಡಿದು ಮುಂದಿನಿಂದ ನೋಡಿದೆ. ನೇರ ಹಿಡಿದರೆ ಕಣ್ಣು ಕುಕ್ಕುತ್ತದೆ, ಏನೂ ಕಾಣುವುದಿಲ್ಲ. 55ರಲ್ಲಿ ಸ್ವಚ್ಛ. 250ಕ್ಕೆ ತಿರುಗಿಸಿದಾಗ ಒಳಗಿನ ಒಂದು ಗಾಜಿನ ಅಂಚಿನಿಂದ ಜೇಡರ ಬಲೆಯಂತೆ ಸಣ್ಣ ಎಳೆಗಳು ಕವಲೊಡೆದು ಬಂದಿದ್ದವು. ಬಿಡಿ ಚುಕ್ಕಿಗಳಿದ್ದರೆ ಅದು ಸಾಮಾನ್ಯವಾಗಿ ಧೂಳು, ಚಿಂತೆ ಇಲ್ಲ, ನಾಲ್ಕು ಕಣ ಫೋಟೊದಲ್ಲಿ ಕಾಣುವುದೂ ಇಲ್ಲ. ಕವಲೊಡೆದ ಎಳೆ ಅಂದರೆ ಫಂಗಸ್. ನನ್ನ ಕ್ಯಾಮೆರಾಗೆ ಹಾಕಿ ಕಿಟಕಿಯ ಬೆಳಕಿಗೆ ಎದುರಾಗಿ ಒಂದು ಫೋಟೊ ತೆಗೆದೆ. ಕಪ್ಪು ಭಾಗವೆಲ್ಲ ಬೂದಿ ಬಣ್ಣಕ್ಕೆ ತಿರುಗಿತ್ತು. ಮಾರುವವರಿಗೂ ತೋರಿಸಿದೆ. ಪಾಪ, ಅವರು ಒಳಗೆ ಟಾರ್ಚ್ ಬಿಟ್ಟು ನೋಡಿರಲೇ ಇಲ್ಲ. ಬೇಸರವಿಲ್ಲದೆ ವಾಪಸ್ ತೆಗೆದುಕೊಂಡು ಹೋದರು.

ನಿಕಾನ್‌ನ ಹಳೆ ಲೆನ್ಸ್ ಆದರೆ ಇನ್ನೊಂದು ವಿಷಯ. ಕ್ಯಾಮೆರಾದಿಂದ ತೆಗೆದಾಗ ಬೆಳಕು ಬಿಡುವ ಒಳಗಿನ ಕಿಂಡಿ ಸಾಮಾನ್ಯವಾಗಿ ಕಿರಿದಾಗಿರುತ್ತದೆ. ಹಿಂದಿರುವ ಸಣ್ಣ ಲಿವರ್ ಒತ್ತಿ ಕಿಂಡಿ ಪೂರ್ತಿ ತೆರೆದರೆ ಮಾತ್ರ ಗಾಜು ಸರಿಯಾಗಿ ಕಾಣುತ್ತದೆ.

ಅದೇ 55-250 ಎಂಎಂ ಲೆನ್ಸ್ ಕೊನೆಗೆ ನನಗೆ ಸಿಕ್ಕಿದ್ದು ಕುಶಾಲನಗರದ ಒಬ್ಬ ಮದುವೆ ಫೋಟೊಗ್ರಾಫರ್ ಹತ್ತಿರ. ಬಣ್ಣ ಉಜ್ಜಿ ಹೋಗಿತ್ತು, ಜೂಮ್ ರಿಂಗಿನ ರಬ್ಬರ್ ಸಡಿಲ. ಜಾಹೀರಾತಿನ ಫೋಟೊ ನೋಡಿ ಯಾರೂ ಫೋನೇ ಮಾಡಿರಲಿಲ್ಲವಂತೆ. ಟಾರ್ಚ್ ಬಿಟ್ಟರೆ ಗಾಜು ನಿರ್ಮಲ. ದಿನಾ ಕೆಲಸಕ್ಕೆ ಹೋಗುವ ಲೆನ್ಸ್ ಬೆಳಕು, ಗಾಳಿ ಕಾಣುತ್ತಿರುತ್ತದೆ, ಮೇಲಾಗಿ ಆ ಕಡೆ ಮಳೆಯೂ ಮಡಿಕೇರಿಯಷ್ಟು ಇಲ್ಲ. "ತಮ್ಮಾ, ನಿಧಾನ ನೋಡು, ಅವಸರ ಇಲ್ಲ" ಅಂದು ತಮ್ಮ ಸ್ಟುಡಿಯೋದ ಲೈಟನ್ನೇ ಹಾಕಿಕೊಟ್ಟರು. ಸೈಟ್ ಮೇಲಿದ್ದ ನನ್ನ ಅರ್ಧ ಸಿಟ್ಟು ಅಲ್ಲೇ ಇಳಿಯಿತು. ಅಂಗಡಿಯಲ್ಲಿ ಹೊಸದು ಕೊಂಡಿದ್ದರೆ ಇಂಥವರು ಸಿಗುತ್ತಿರಲಿಲ್ಲ.

ಉಳಿದ ಸಿಟ್ಟು ಮೋಸಗಾರರ ಮೇಲೆ. "ನಾನು ಆರ್ಮಿಯಲ್ಲಿದ್ದೇನೆ, ಟ್ರಾನ್ಸ್‌ಫರ್ ಆಗಿದೆ, ಕೊರಿಯರ್‌ಗೆ ಅಡ್ವಾನ್ಸ್ ಹಾಕಿ" ಅಂತ ಗುರುತಿನ ಚೀಟಿಯ ಫೋಟೊ ಕಳಿಸುತ್ತಾರೆ. ಮನೆಗೊಬ್ಬ ಸೈನಿಕ ಇರುವ ನಾಡಿನಲ್ಲಿ ಈ ಮಾತನ್ನು ಜನ ಬೇಗ ನಂಬುತ್ತಾರೆ, ಅದೇ ನೋವು. ನಾನು ಲೆನ್ಸ್ ಕೈಯಲ್ಲಿ ಹಿಡಿದ ಮೇಲೇ ಯುಪಿಐ ಮಾಡುವುದು. ನೀವು ಮಾರುವವರಾದರೆ, ದುಡ್ಡು ಬರಲು ಪಿನ್ ಹಾಕಬೇಕಿಲ್ಲ. ಪಿನ್ ಕೇಳಿತು ಅಂದರೆ ದುಡ್ಡು ಹೋಗುತ್ತಿದೆ ಅಂತ ಅರ್ಥ. ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೊಂಡ ಲೆನ್ಸ್ ಈಗ ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿದೆ, ಜೊತೆಗೆ ತೇವ ತೋರಿಸುವ ಸಣ್ಣ ಮೀಟರ್. ಬೆಳಿಗ್ಗೆ ಕಾಫಿ ಕುಡಿಯುತ್ತಾ ಮುಳ್ಳು ನೋಡುವುದು ನನಗೆ ಖುಷಿ ಕೊಡುವ ಕೆಲಸ. ತೇವ ಶೇಕಡಾ 40ರಿಂದ 50ರ ನಡುವೆ ಇದ್ದರೆ ಸರಿ. 60 ಹತ್ತಿರ ಬಂದರೆ ಸಿಲಿಕಾ ಜೆಲ್ ಬದಲಿಸುತ್ತೇನೆ.

ಕೊಳ್ಳುವ ಕಾಲದ ಬಗ್ಗೆ ಒಂದು ಮಾತು. ನಾನು ಹುಡುಕುವುದು ಅಕ್ಟೋಬರ್ ಆದ ಮೇಲೆ. ಮೇ ತಿಂಗಳಲ್ಲಿ ಈಗಷ್ಟೇ ಶುರುವಾದ ಫಂಗಸ್ ಕಣ್ಣಿಗೆ ಬೀಳದೆ ಹೋಗಬಹುದು. ಒಂದು ಮಳೆಗಾಲ ದಾಟಿದ ಲೆನ್ಸ್‌ನಲ್ಲಿ ಬೆಳೆಯುವುದಿದ್ದರೆ ಬೆಳೆದಿರುತ್ತದೆ, ಟಾರ್ಚಿಗೆ ಕಾಣುತ್ತದೆ.